ಮಂಡಿಯ ಬಾವು ಶುರುವಾಗುವುದು ಹೊಕ್ಕುಳಿನಲ್ಲಿ

ಮಳೆಗಾಲದ ಒಂದು ಬೆಳಿಗ್ಗೆ ಮಂಡ್ಯ ಸೀಮೆಯ ಹಳ್ಳಿಯೊಂದರಲ್ಲಿ ಒಂಬತ್ತು ದಿನದ ಹೆಣ್ಣುಗರುವೊಂದನ್ನು ನೋಡಲು ಹೋಗಿದ್ದೆ. ಮಿಶ್ರತಳಿಯ ಹಸು, ಎರಡನೆಯ ಸೂಲು. ಕರು ಎಡ ಮುಂಗಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಹಾಲು ಕುಡಿಯಲು ಎಬ್ಬಿಸಿದರೆ ಮೂರು ಕಾಲಿನಲ್ಲಿ ನಿಂತು, ಎರಡು ಗುಟುಕು ಕುಡಿದು ಮತ್ತೆ ಮಲಗುತ್ತಿತ್ತು. "ರಾತ್ರಿ ತಾಯಿ ತುಳಿದಿರಬೇಕು ಸಾರ್, ಎರಡು ದಿನದಿಂದ ಎಣ್ಣೆ ಹಚ್ಚಿ ನೀವುತ್ತಿದ್ದೇವೆ" ಎಂದು ಮನೆಯಾಕೆ ಹೇಳಿದರು. ಮಂಡಿಯ ಮೇಲೆ ಗಾಯವಿರಲಿಲ್ಲ, ತರಚಿದ ಗುರುತೂ ಇರಲಿಲ್ಲ. ಆದರೆ ಮಂಡಿ ಬಲಗಾಲಿನದಕ್ಕಿಂತ ಒಂದೂವರೆ ಪಟ್ಟು ದಪ್ಪವಾಗಿ, ಬಿಗಿದ ಚರ್ಮದ ಕೆಳಗೆ ದ್ರವ ತುಂಬಿದಂತೆ ಕೈಗೆ ಸಿಗುತ್ತಿತ್ತು ಮತ್ತು ಬಿಸಿಯಾಗಿತ್ತು. ಜ್ವರ 104 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಕರುವನ್ನು ಪಕ್ಕಕ್ಕೆ ಮಲಗಿಸಿ ಹೊಟ್ಟೆಯ ಕೆಳಗೆ ಕೈಯಿಟ್ಟಾಗ ನಿಜವಾದ ಕಾರಣ ಸಿಕ್ಕಿತು. ಹೊಕ್ಕುಳು ಹೆಬ್ಬೆರಳಿನಷ್ಟು ದಪ್ಪವಾಗಿತ್ತು, ಸುತ್ತಲಿನ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು, ಮೆಲ್ಲಗೆ ಒತ್ತಿದೊಡನೆ ಕರು ಹಿಂಗಾಲು ಜಾಡಿಸಿತು, ಬೆರಳಿಗೆ ಕೊಳೆತ ವಾಸನೆ ಹತ್ತಿತು.

ತಾಯಿ ತುಳಿದಿರಲಿಲ್ಲ. ಒಂಬತ್ತನೆಯ ದಿನ ಮಂಡಿಯಲ್ಲಿ ಕಾಣಿಸಿದ ಆ ರೋಗ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲೇ ಹೊಕ್ಕುಳಿನ ಮೂಲಕ ಒಳಗೆ ಹೋಗಿತ್ತು. ಹೊಕ್ಕುಳ ಬಾವು ಮತ್ತು ಕೀಲು ಬಾವು ಎಂದು ಎರಡು ಹೆಸರಿನಿಂದ ಕರೆದರೂ ಬಹುಪಾಲು ಕರುಗಳಲ್ಲಿ ಇವು ಒಂದೇ ರೋಗದ ಎರಡು ಹಂತಗಳು. ಮೊದಲನೆಯದನ್ನು ಯಾರೂ ಗಮನಿಸುವುದಿಲ್ಲ, ಏಕೆಂದರೆ ಅದು ಹೊಟ್ಟೆಯ ಕೆಳಗೆ ಕೂದಲಿನ ನಡುವೆ ಇರುತ್ತದೆ. ಎರಡನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಆ ವೇಳೆಗೆ ಚಿಕಿತ್ಸೆಯ ಅನುಕೂಲದ ಕಾಲ ಬಹಳಷ್ಟು ಕಳೆದುಹೋಗಿರುತ್ತದೆ.

ಇದು ಅರ್ಥವಾಗಬೇಕಾದರೆ ಹೊಕ್ಕುಳ ಬಳ್ಳಿ ಎಂದರೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ಚರ್ಮದ ಒಂದು ತುಣುಕಲ್ಲ. ಗರ್ಭದಲ್ಲಿರುವಾಗ ಕರುವಿಗೂ ಮಾಸಿಗೂ ನಡುವೆ ಇದ್ದ ಕೊಳವೆಗಳ ಒಂದು ಕಟ್ಟು. ತಾಯಿಯಿಂದ ಆಹಾರ ಮತ್ತು ಆಮ್ಲಜನಕ ತರುವ ರಕ್ತನಾಳವು ಹೊಕ್ಕುಳಿನಿಂದ ಒಳಗೆ ಹೊಕ್ಕು, ಹೊಟ್ಟೆಯ ಕೆಳಗೋಡೆಗೆ ಅಂಟಿಕೊಂಡು ಮುಂದಕ್ಕೆ ಸಾಗಿ, ನೇರವಾಗಿ ಪಿತ್ತಜನಕಾಂಗವನ್ನು ಸೇರುತ್ತದೆ. ಕರುವಿನ ರಕ್ತವನ್ನು ಹೊರಗೊಯ್ಯುವ ಎರಡು ನಾಳಗಳು ಹಿಂದಕ್ಕೆ ತಿರುಗಿ ಮೂತ್ರಕೋಶದ ಎರಡು ಪಕ್ಕಗಳಲ್ಲಿ ಹಾದುಹೋಗುತ್ತವೆ. ಅವುಗಳ ನಡುವೆ ಯುರಾಕಸ್ ಎಂಬ ಇನ್ನೊಂದು ನಾಳವಿದ್ದು, ಗರ್ಭದಲ್ಲಿದ್ದಾಗ ಮೂತ್ರವನ್ನು ಹೊರಗೆ ಸಾಗಿಸುವುದು ಅದರ ಕೆಲಸ. ಕರು ಹುಟ್ಟಿ ಬಳ್ಳಿ ಹರಿದಾಗ, ಹಿಂದಕ್ಕೆ ಹೋಗುವ ರಕ್ತನಾಳಗಳೂ ಯುರಾಕಸ್ಸೂ ರಬ್ಬರಿನಂತೆ ಕುಗ್ಗಿ ಹೊಟ್ಟೆಯೊಳಗೆ ಸೇದಿಕೊಳ್ಳುತ್ತವೆ. ಪಿತ್ತಜನಕಾಂಗಕ್ಕೆ ಹೋಗುವ ನಾಳ ಮಾತ್ರ ಹಾಗೆ ಮಾಡುವುದಿಲ್ಲ. ಅದು ತೆಳುವಾದ ಹೊದಿಕೆಯೊಂದಿಗೆ ಹೊರಗೆ ನೇತಾಡುತ್ತಲೇ ಇರುತ್ತದೆ ಮತ್ತು ಒಣಗಿ ಮುಚ್ಚಿಕೊಳ್ಳಲು ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಆ ಒಂದೆರಡು ದಿನ ಕರುವಿನ ಹೊಟ್ಟೆಯ ಕೆಳಗೆ, ಸಗಣಿ ಗಂಜಲಕ್ಕೆ ಒಂದಡಿ ದೂರದಲ್ಲಿ, ಒದ್ದೆಯಾದ ಕೊಳವೆಯೊಂದು ತೆರೆದ ಬಾಯಿಯೊಂದಿಗೆ ಇರುತ್ತದೆ ಎಂದು ಭಾವಿಸಿದರೆ ತಪ್ಪಾಗಲಾರದು. ಕರು ಮಲಗಿದಾಗ ಆ ದೂರವೂ ಇಲ್ಲ.

ಒಳಗೆ ಹೋಗುವ ಸೂಕ್ಷ್ಮಜೀವಿಗಳು ಅಪರೂಪದವಲ್ಲ. ಸಗಣಿಯಲ್ಲಿರುವ ಇ. ಕೋಲಿ, ಚರ್ಮ ಮತ್ತು ಕೆಚ್ಚಲಿನ ಮೇಲಿರುವ ಸ್ಟ್ರೆಪ್ಟೋಕಾಕಸ್, ಕೀವು ಮಾಡುವುದರಲ್ಲಿ ನಿಸ್ಸೀಮವಾದ ಟ್ರೂಪೆರೆಲ್ಲಾ ಪಯೋಜೆನಿಸ್, ಇವೆಲ್ಲ ಯಾವುದೇ ಕೊಟ್ಟಿಗೆಯಲ್ಲೂ ಇರುವಂಥವು. ಇವು ಮೊದಲು ಬಳ್ಳಿಯ ತುದಿಯಲ್ಲಿ ಹೆಚ್ಚುತ್ತವೆ. ಹೊಕ್ಕುಳು ದಪ್ಪವಾಗುವುದು, ನೋಯುವುದು ಆಗ. ಅಲ್ಲಿಗೇ ನಿಂತರೆ ಅದು ಹೊಕ್ಕುಳ ಬಾವು. ನಾಳದ ಮೂಲಕ ಮೇಲೇರಿದರೆ ಪಿತ್ತಜನಕಾಂಗದಲ್ಲಿ ಕೀವುಗಟ್ಟಬಹುದು, ಯುರಾಕಸ್ಸಿನ ಜಾಡು ಹಿಡಿದರೆ ಮೂತ್ರಕೋಶದ ತುದಿಗೆ ಸೋಂಕು ತಗಲಬಹುದು. ರಕ್ತಕ್ಕೆ ಬೆರೆತರೆ ಅವು ದೇಹದ ಯಾವ ಭಾಗವನ್ನಾದರೂ ತಲುಪಬಲ್ಲವು: ಕಣ್ಣು, ಮೆದುಳಿನ ಪೊರೆ, ಹೃದಯದ ಕವಾಟ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕೀಲುಗಳು.

ಕೀಲುಗಳೇ ಏಕೆ? ಕೀಲಿನ ಒಳಪೊರೆಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ದಟ್ಟವಾಗಿ ಹರಡಿಕೊಂಡಿರುತ್ತವೆ. ಆ ನಾಳಗಳಿಗೂ ಕೀಲಿನೊಳಗಿನ ಜಿಡ್ಡುದ್ರವಕ್ಕೂ ನಡುವೆ ಗಟ್ಟಿಯಾದ ತಡೆಗೋಡೆ ಇಲ್ಲ, ಏಕೆಂದರೆ ದ್ರವ ಸುಲಭವಾಗಿ ಸೋಸಿ ಬರಬೇಕು. ಬೆಳೆಯುತ್ತಿರುವ ಎಳೆಯ ಕರುವಿನಲ್ಲಿ ಅಲ್ಲಿಗೆ ರಕ್ತ ಧಾರಾಳವಾಗಿ ಹರಿಯುತ್ತದೆ, ನಿಧಾನವಾಗಿ ಸುತ್ತುತ್ತದೆ. ರಕ್ತದಲ್ಲಿ ತೇಲುತ್ತ ಬಂದ ಸೂಕ್ಷ್ಮಜೀವಿಗೆ ಅಲ್ಲಿ ಇಳಿಯುವುದು ಸುಲಭ. ಇಳಿದ ಮೇಲೆ ದೇಹ ಅದರ ಮೇಲೆ ಬಿಳಿ ರಕ್ತಕಣಗಳನ್ನು ನುಗ್ಗಿಸುತ್ತದೆ. ಆ ಕಣಗಳು ಬಿಡುಗಡೆ ಮಾಡುವ ಕಿಣ್ವಗಳು ಸೂಕ್ಷ್ಮಜೀವಿಯ ಜೊತೆಗೆ ಎಲುಬಿನ ತುದಿಯ ನುಣುಪಾದ ಮೃದ್ವಸ್ಥಿಯನ್ನೂ ಕರಗಿಸುತ್ತವೆ. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲವಾದ್ದರಿಂದ ಅದು ಒಮ್ಮೆ ಸವೆದರೆ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಕೀಲು ಬಾವಿನ ಕರುಗಳು ಬದುಕಿದರೂ ಕುಂಟುವುದು ಇದೇ ಕಾರಣಕ್ಕೆ. ಮುಂಗಾಲಿನ ಮಂಡಿ, ಹಿಂಗಾಲಿನ ಹಿಮ್ಮಡಿ ಕೀಲು ಮತ್ತು ತೊಡೆಯ ಕೆಳಗಿನ ದೊಡ್ಡ ಕೀಲು, ಈ ಮೂರರಲ್ಲಿ ಬಾವು ಹೆಚ್ಚಾಗಿ ಕಾಣುತ್ತದೆ.

ಆ ಕರು ಹುಟ್ಟಿದ ರಾತ್ರಿ ಏನೇನು ಆಯಿತು ಎಂದು ಮನೆಯವರನ್ನು ಒಂದೊಂದಾಗಿ ಕೇಳಿದೆ. ಅವರು ಯಾವುದನ್ನೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಏನಿದೆ ಎಂದು ಅವರಿಗೆ ಅನ್ನಿಸಿಯೂ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಹಸು ದಿನವೂ ಕಟ್ಟುವ ಜಾಗದಲ್ಲೇ ಈಯಿತು. ಕರು ಬಿದ್ದದ್ದು ಗಂಜಲದ ಕಾಲುವೆಯ ಅಂಚಿಗೆ. ಅದು ತೋಯುತ್ತದೆಂದು ಗಾಬರಿಯಾಗಿ ಹಿಂಗಾಲು ಹಿಡಿದು ಪಕ್ಕಕ್ಕೆ ಎಳೆದರು. ಆ ಎಳೆತಕ್ಕೆ ಬಳ್ಳಿ ಹೊಟ್ಟೆಯ ಬುಡದಲ್ಲೇ ಹರಿದು ಸ್ವಲ್ಪ ರಕ್ತ ಬಂತು. ರಕ್ತ ನಿಲ್ಲಲೆಂದು ಒಲೆಯ ಬೂದಿ ಮತ್ತು ಅರಿಶಿನ ಒತ್ತಿದರು. ಕಸ, ಅಂದರೆ ಮಾಸು, ಬೀಳುವವರೆಗೆ ಹಾಲು ಕರೆಯಬಾರದೆಂಬ ರೂಢಿಯಂತೆ ಬೆಳಿಗ್ಗೆ ಹತ್ತರವರೆಗೆ ಕಾದರು. ಕಸ ಬಿದ್ದ ಮೇಲೆ ಕರುವಿಗೆ ಸುಮಾರು ಒಂದು ಲೀಟರ್ ಗಿಣ್ಣು ಹಾಲು ಸಿಕ್ಕಿತು, ಉಳಿದದ್ದು ಅಕ್ಕಪಕ್ಕದ ಮನೆಗಳಿಗೆ ಗಿಣ್ಣಾಗಿ ಹೋಯಿತು. ಈ ನಾಲ್ಕರಲ್ಲಿ ಯಾವುದೂ ನಿರ್ಲಕ್ಷ್ಯದಿಂದ ಆದದ್ದಲ್ಲ. ಎರಡು ಕಾಳಜಿಯಿಂದಲೇ ಆದವು. ಆದರೆ ನಾಲ್ಕೂ ಒಂದೇ ಕರುವಿನ ಮೇಲೆ ಸೇರಿಕೊಂಡವು. ಅವನ್ನೇ ಒಂದೊಂದಾಗಿ ನೋಡೋಣ.

ಮೊದಲನೆಯದು ನೆಲ. ಈಯುವ ದಿನ ಹತ್ತಿರ ಬಂದ ಹಸುವನ್ನು, ಕೆಚ್ಚಲು ತುಂಬಿ ಬಾಲದ ಬುಡದ ಎರಡೂ ಕಡೆಯ ಕಟ್ಟುಗಳು ಸಡಿಲವಾದಾಗ, ಕಾಲುವೆಯಿಂದ ದೂರದ ಬೇರೆ ಜಾಗಕ್ಕೆ ಕಟ್ಟಬೇಕು ಅಥವಾ ಕಟ್ಟದೆ ಬಿಡಬೇಕು. ಹತ್ತು ಅಡಿಗೆ ಹನ್ನೆರಡು ಅಡಿಯ ಜಾಗ ಸಾಕು. ಹೊಸ ಕೋಣೆಯೇ ಬೇಕೆಂದಿಲ್ಲ. ಕೊಟ್ಟಿಗೆಯ ಒಣ ಮೂಲೆ, ಹುಲ್ಲಿನ ಮಾಡಿನ ಒಂದು ಬದಿ, ಮಳೆಯಿಲ್ಲದ ಕಾಲದಲ್ಲಿ ನೆರಳಿರುವ ಶುದ್ಧ ಹಿತ್ತಲೂ ಆದೀತು. ಸಗಣಿಯನ್ನು ಪೂರ್ತಿ ಕೆರೆದು ತೆಗೆದು, ತೊಳೆದು, ನೆಲ ಒಣಗಿದ ಮೇಲೆ ಸುಣ್ಣ ಹರಡಿ, ಅದರ ಮೇಲೆ ಒಂದು ಗೇಣು ದಪ್ಪಕ್ಕೆ ಒಣ ಭತ್ತದ ಹುಲ್ಲು ಅಥವಾ ರಾಗಿ ಹುಲ್ಲು ಹಾಸಬೇಕು. ಇಲ್ಲಿ ಕ್ರಮ ಮುಖ್ಯ. ಸಗಣಿ ಇರುವ ನೆಲದ ಮೇಲೆ ಎಷ್ಟೇ ಬ್ಲೀಚಿಂಗ್ ಪುಡಿ ಚೆಲ್ಲಿದರೂ ಅದರ ಶಕ್ತಿಯೆಲ್ಲ ಸಗಣಿಯಲ್ಲೇ ಮುಗಿದುಹೋಗುತ್ತದೆ, ಸೂಕ್ಷ್ಮಜೀವಿಗೆ ತಲುಪುವುದಿಲ್ಲ. ಹಾಸು ಸಾಕಷ್ಟು ಒಣಗಿದೆಯೇ ಎಂದು ತಿಳಿಯಲು ಮೊಣಕಾಲೂರಿ ಅದರ ಮೇಲೆ ಅರ್ಧ ನಿಮಿಷ ಕೂರುವುದು ಒಳ್ಳೆಯ ಪರೀಕ್ಷೆ. ಎದ್ದಾಗ ಪಂಚೆಯೋ ಪ್ಯಾಂಟೋ ಮಂಡಿಯ ಬಳಿ ಒದ್ದೆಯಾಗಿದ್ದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವಿದೆ; ಕರುವಿನ ಹೊಕ್ಕುಳು ರಾತ್ರಿಯೆಲ್ಲ ಆ ತೇವದ ಮೇಲೆ ಮಲಗಿರುತ್ತದೆ. ಹಿಂದಿನ ಸೂಲಿನ ಅಥವಾ ಬೇರೆ ಹಸುವಿನ ಕಸ ಬಿದ್ದಿದ್ದ ಹಾಸನ್ನು ಮೇಲಿನಿಂದ ಹೊಸ ಹುಲ್ಲು ಹಾಕಿ ಮುಚ್ಚುವುದು ನಾನು ಕಂಡ ಸಾಮಾನ್ಯ ತಪ್ಪು. ಹಳೆಯದನ್ನು ಹೊರಗೆ ಹಾಕದೆ ಹೊಸದನ್ನು ಹಾಸಿದರೆ ಪ್ರಯೋಜನವಿಲ್ಲ.

ಹಸುವಿನ ಬಾಲ, ತೊಡೆಯ ಹಿಂಭಾಗ ಮತ್ತು ಕೆಚ್ಚಲನ್ನು ಈಯುವ ಮುನ್ನವೇ ತೊಳೆದು ಒರೆಸಿಟ್ಟರೆ ಕರುವಿನ ಬಾಯಿಗೂ ಹೊಕ್ಕುಳಿಗೂ ತಗಲುವ ಕೊಳೆ ಅಷ್ಟು ಕಡಿಮೆಯಾಗುತ್ತದೆ. ಕರುವನ್ನು ಹಿಡಿದೆಳೆಯಬೇಕಾದ ಸಂದರ್ಭ ಬಂದರೆ ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪಿನಿಂದ ತೊಳೆದುಕೊಂಡ ಕೈ ಇರಬೇಕು. ಸಗಣಿ ಬಾಚಿದ ಕೈಯಲ್ಲೇ ಹೊಕ್ಕುಳು ಮುಟ್ಟುವುದು ಸಗಣಿಯನ್ನೇ ಹಚ್ಚಿದ ಹಾಗೆ.

ಎರಡನೆಯದು ಬಳ್ಳಿ ಹರಿಯುವ ರೀತಿ. ಹಸು ತಾನಾಗಿ ಈದು ಎದ್ದಾಗ ಬಳ್ಳಿ ಸಾಮಾನ್ಯವಾಗಿ ತಾನೇ, ಹೊಟ್ಟೆಯಿಂದ ಒಂದು ಗೇಣಿನೊಳಗೆ ಎಲ್ಲೋ ಒಂದೆಡೆ, ಜಗ್ಗಿ ಹರಿಯುತ್ತದೆ. ಜಗ್ಗಿ ಹರಿದ ನಾಳ ಕತ್ತರಿಸಿದ ನಾಳಕ್ಕಿಂತ ಬೇಗ ಕುಗ್ಗಿ ರಕ್ತ ನಿಲ್ಲಿಸುತ್ತದೆ. ಆದ್ದರಿಂದ ಕರು ಉಸಿರಾಡುತ್ತಿದ್ದರೆ, ಹಸು ನೆಕ್ಕುತ್ತಿದ್ದರೆ, ಬಳ್ಳಿಗೆ ಅವಸರದಿಂದ ಕತ್ತರಿ ಹಾಕುವ ಅಗತ್ಯವಿಲ್ಲ. ಬಳ್ಳಿ ನೆಲಕ್ಕೆ ಎಳೆಯುವಷ್ಟು ಉದ್ದ ಉಳಿದಿದ್ದರೆ ಅಥವಾ ರಕ್ತ ನಿಲ್ಲದೆ ತೊಟ್ಟಿಕ್ಕುತ್ತಿದ್ದರೆ ಮಾತ್ರ, ಅಯೋಡಿನ್‌ನಲ್ಲಿ ನೆನೆಸಿದ ಹತ್ತಿದಾರದಿಂದ ಹೊಟ್ಟೆಯಿಂದ ಎರಡು ಮೂರು ಅಂಗುಲ ಬಿಟ್ಟು ಕಟ್ಟಿ, ಕುದಿಸಿದ ಕತ್ತರಿಯಿಂದ ಅದರ ಕೆಳಗೆ ಕತ್ತರಿಸಬೇಕು. ಎಲ್ಲ ಕರುಗಳಿಗೂ ದಾರ ಕಟ್ಟಬೇಕೆಂದು ಹೇಳುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ: ಕಟ್ಟಿದ ಬಳ್ಳಿಯಲ್ಲಿ ರಕ್ತ ಮತ್ತು ದ್ರವ ಹೊರಗೆ ಇಳಿಯದೆ ಅಲ್ಲೇ ಉಳಿಯುತ್ತವೆ, ಒಣಗುವುದು ತಡವಾಗುತ್ತದೆ, ಬೇಕಿಲ್ಲದಿದ್ದರೆ ಕಟ್ಟದಿರುವುದೇ ಲೇಸು. ಬಳ್ಳಿ ಬುಡದಲ್ಲೇ ಹರಿದ ಕರು, ಮೇಲೆ ಹೇಳಿದ ಕರುವಿನಂತೆ, ಹೆಚ್ಚು ಅಪಾಯದಲ್ಲಿರುತ್ತದೆ, ಏಕೆಂದರೆ ಒಣಗಿ ಮುಚ್ಚಿಕೊಳ್ಳಲು ಹೊರಗೆ ಕೊಳವೆಯೇ ಉಳಿದಿರುವುದಿಲ್ಲ. ಅಂಥ ಕರುವನ್ನು ಮೊದಲ ದಿನದಿಂದಲೇ ಗುರುತಿಟ್ಟುಕೊಂಡು ನೋಡಬೇಕು.

ಮೂರನೆಯದು ಬೂದಿ, ಅರಿಶಿನ, ಸಗಣಿ, ಮಣ್ಣು ಇವುಗಳನ್ನು ಒತ್ತುವ ರೂಢಿ. ಅದರ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಸಗಣಿ ಮತ್ತು ಮಣ್ಣಿನಲ್ಲಿ ಧನುರ್ವಾಯು ತರುವ ಜೀವಿಯ ಬೀಜಕಣಗಳಿರುತ್ತವೆ. ಅವುಗಳಿಗೆ ಗಾಳಿಯಾಡದ, ಮುಚ್ಚಿದ ಜಾಗವೇ ಬೇಕು. ಬೂದಿ ಮತ್ತು ಅರಿಶಿನ ರಕ್ತದೊಂದಿಗೆ ಕಲಸಿಕೊಂಡು ಗಟ್ಟಿ ಹೊದಿಕೆಯಾಗುತ್ತವೆ; ಮೇಲ್ಭಾಗ ಒಣಗಿದಂತೆ ಕಂಡರೂ ಒಳಗೆ ತೇವ ಹಾಗೇ ಇರುತ್ತದೆ. ಹೊಕ್ಕುಳಿಗೆ ಬೇಕಾದದ್ದು ಮುಚ್ಚಿಗೆಯಲ್ಲ, ಒಣಗುವುದು.

ಒಣಗಿಸುವ ಮತ್ತು ಸೂಕ್ಷ್ಮಜೀವಿಗಳನ್ನು ಕೊಲ್ಲುವ ಎರಡೂ ಕೆಲಸವನ್ನು ಒಟ್ಟಿಗೆ ಮಾಡುವುದು ಮದ್ಯಸಾರದಲ್ಲಿ ಕರಗಿಸಿದ ಅಯೋಡಿನ್, ಅಂದರೆ ಔಷಧದ ಅಂಗಡಿಯಲ್ಲಿ ಸಿಗುವ ಟಿಂಚರ್ ಅಯೋಡಿನ್. ಅದು ಸಿಗದಿದ್ದರೆ ಪೊವಿಡೋನ್ ಅಯೋಡಿನ್ ದ್ರವವನ್ನು ನೀರು ಬೆರೆಸದೆ ಬಳಸಬಹುದು. ಸೂಕ್ಷ್ಮಜೀವಿಗಳನ್ನು ಅದು ಕೊಲ್ಲುತ್ತದೆ, ಆದರೆ ಒಣಗಿಸುವ ಶಕ್ತಿ ಕಡಿಮೆ. ಹಾಲು ಕರೆದ ಮೇಲೆ ಮೊಲೆತೊಟ್ಟಿಗೆ ಅದ್ದುವ ದ್ರವವೂ ಅಯೋಡಿನ್‌ನದೇ ಅಲ್ಲವೇ ಎಂದು ಹಲವರು ಕೇಳುತ್ತಾರೆ. ಅದನ್ನು ಬಳಸಬಾರದು. ಮೊಲೆಯ ಚರ್ಮ ಬಿರಿಯದಿರಲೆಂದು ಅದರಲ್ಲಿ ಮೃದುಗೊಳಿಸುವ ಪದಾರ್ಥ ಬೆರೆಸಿರುತ್ತಾರೆ. ಹೊಕ್ಕುಳನ್ನು ಅದು ಮೃದುವಾಗಿಯೇ ಉಳಿಸುತ್ತದೆ.

ಹಚ್ಚುವ ರೀತಿಯಲ್ಲೇ ಬಹಳಷ್ಟು ಕೆಡುತ್ತದೆ. ಹತ್ತಿಯಲ್ಲಿ ಅದ್ದಿ ಸವರಿದರೆ ಅಥವಾ ಬಾಟಲಿಯಿಂದ ಚಿಮುಕಿಸಿದರೆ ಎದುರಿಗೆ ಕಾಣುವ ಒಂದು ಪಕ್ಕ ಮಾತ್ರ ತೋಯುತ್ತದೆ. ಬಾಯಿ ಕಿರಿದಾದ ಸಣ್ಣ ಬಟ್ಟಲೊಂದರಲ್ಲಿ, ಮಕ್ಕಳ ಔಷಧ ಅಳೆಯುವ ಪ್ಲಾಸ್ಟಿಕ್ ಲೋಟದಷ್ಟು ದೊಡ್ಡದಾದರೆ ಸಾಕು, ಮುಕ್ಕಾಲು ಭಾಗ ದ್ರವ ತುಂಬಬೇಕು. ಕರುವನ್ನು ನಿಲ್ಲಿಸಿ ಅಥವಾ ಒಬ್ಬರು ಹಿಡಿದುಕೊಂಡು, ಬಳ್ಳಿಯನ್ನು ಅದರೊಳಗೆ ಇಳಿಬಿಟ್ಟು, ಬಟ್ಟಲಿನ ಅಂಚನ್ನು ಹೊಟ್ಟೆಯ ಚರ್ಮಕ್ಕೆ ಒತ್ತಿ ಹಿಡಿಯಬೇಕು. ಹಾಗೆಯೇ ಅರ್ಧ ನಿಮಿಷ ಹಿಡಿದು ಒಮ್ಮೆ ಮೆಲ್ಲಗೆ ಓರೆಮಾಡಿದರೆ ಬಳ್ಳಿ ಚರ್ಮವನ್ನು ಸೇರುವ ಬುಡದ ಸುತ್ತಲೂ ದ್ರವ ತಲುಪುತ್ತದೆ. ತೆಗೆದಾಗ ಬಳ್ಳಿ ತುದಿಯಿಂದ ಬುಡದವರೆಗೆ ಕಂದು ಬಣ್ಣವಾಗಿ, ಸುತ್ತಲಿನ ಚರ್ಮದ ಮೇಲೆ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ ಕಂದು ಉಂಗುರ ಕಾಣಬೇಕು. ಉಂಗುರ ಪೂರ್ತಿಯಾಗದಿದ್ದರೆ ಮತ್ತೆ ಅದ್ದಬೇಕು. ಬಟ್ಟಲಿನಲ್ಲಿ ಉಳಿದದ್ದನ್ನು ಚೆಲ್ಲಬೇಕೇ ಹೊರತು ಬಾಟಲಿಗೆ ಹಿಂದಿರುಗಿಸಬಾರದು, ಇನ್ನೊಂದು ಕರುವಿಗೆ ಬಳಸಲೂಬಾರದು. ರಕ್ತ ಮತ್ತು ಕೊಳೆ ಬೆರೆತ ಅಯೋಡಿನ್ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲ ಸಲ ಕರು ಹುಟ್ಟಿದ ಅರ್ಧ ಗಂಟೆಯೊಳಗೆ ಅದ್ದಿ, ಅನಂತರ ಬೆಳಿಗ್ಗೆ ಸಂಜೆ ಎರಡು ಮೂರು ದಿನ ಮುಂದುವರಿಸಿದರೆ ಸಾಕು. ಆ ಹೊತ್ತಿಗೆ ಬಳ್ಳಿ ಒಣಗಿ, ಕಪ್ಪಾಗಿ, ಹುರಿಗೊಂಡ ದಾರದಂತೆ ಗಟ್ಟಿಯಾಗಿರಬೇಕು. ಒಣಗಿದ ತುಣುಕು ಒಂದೆರಡು ವಾರಗಳಲ್ಲಿ ತಾನಾಗಿ ಬಿದ್ದುಹೋಗುತ್ತದೆ, ಅದನ್ನು ಕೀಳಬಾರದು.

ನಾಲ್ಕನೆಯದು ಗಿಣ್ಣು ಹಾಲು. ಹೊಕ್ಕುಳ ಬಾವಿಗೂ ಹಾಲಿಗೂ ಏನು ಸಂಬಂಧ ಎಂದು ಅನ್ನಿಸಬಹುದು. ಮನುಷ್ಯರ ಶಿಶು ಗರ್ಭದಲ್ಲಿರುವಾಗಲೇ ತಾಯಿಯಿಂದ ರೋಗನಿರೋಧಕ ಪ್ರತಿಕಾಯಗಳನ್ನು ಪಡೆದುಕೊಂಡು ಹುಟ್ಟುತ್ತದೆ. ಹಸು, ಎಮ್ಮೆ, ಕುರಿ, ಮೇಕೆಗಳ ಮಾಸಿನ ರಚನೆ ಬೇರೆಯಾದ್ದರಿಂದ ಪ್ರತಿಕಾಯಗಳು ಅದನ್ನು ದಾಟಲಾರವು. ಕರು ಹುಟ್ಟುವಾಗ ಅದರ ರಕ್ತದಲ್ಲಿ ಅವು ಇಲ್ಲವೆಂದೇ ಹೇಳಬೇಕು. ಎಲ್ಲವೂ ಗಿಣ್ಣು ಹಾಲಿನಿಂದ ಬರಬೇಕು, ಅದೂ ಕರುಳಿನ ಗೋಡೆ ಅವನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವ ಸಮಯದೊಳಗೆ. ಆ ಬಾಗಿಲು ಹುಟ್ಟಿದ ಗಳಿಗೆಯಿಂದಲೇ ಮುಚ್ಚತೊಡಗಿ ಒಂದು ದಿನದೊಳಗೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮೊದಲ ಎರಡು ಗಂಟೆಯಲ್ಲಿ ಕುಡಿದ ಗಿಣ್ಣಿಗೂ ಎಂಟು ಗಂಟೆಯ ಮೇಲೆ ಕುಡಿದ ಗಿಣ್ಣಿಗೂ ದೊಡ್ಡ ವ್ಯತ್ಯಾಸವಿದೆ. ಕಸ ಬೀಳುವುದಕ್ಕೆ ಹನ್ನೆರಡು ಗಂಟೆಯವರೆಗೂ ಹಿಡಿಯುವುದು ಸಹಜ. ಅದಕ್ಕಾಗಿ ಕಾಯುವುದೆಂದರೆ ಬಾಗಿಲು ಮುಚ್ಚಿಕೊಳ್ಳಲು ಬಿಟ್ಟಂತೆ. ಹಾಲು ಕರೆದರೆ ಅಥವಾ ಕರು ಮೊಲೆ ಚೀಪಿದರೆ ಹಸುವಿನ ಗರ್ಭಕೋಶ ಕುಗ್ಗಿ ಕಸ ಬೀಳಲು ನೆರವೇ ಆಗುತ್ತದೆ. ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು ಗಿಣ್ಣು ಮೊದಲ ಆರು ಗಂಟೆಯೊಳಗೆ ಹೊಟ್ಟೆಗೆ ಸೇರಬೇಕು: 30 ಕಿಲೋ ಕರುವಿಗೆ ಮೂರು ಲೀಟರ್, ಅದರಲ್ಲಿ ಅರ್ಧವಾದರೂ ಮೊದಲ ಎರಡು ಗಂಟೆಯಲ್ಲಿ. ನಾನು ಕಂಡ ಕರುವಿಗೆ ಎಂಟು ಗಂಟೆಯ ಮೇಲೆ ಸಿಕ್ಕಿದ್ದು ಒಂದೇ ಲೀಟರ್. ನೆರೆಮನೆಗೆ ಗಿಣ್ಣು ಹಂಚುವ ಸಂಪ್ರದಾಯ ಚೆಂದದ್ದೇ. ಕರು ಕುಡಿದು ಮಿಕ್ಕದ್ದರಲ್ಲಿ ಅದು ನಡೆಯಲಿ.

ಹೊಕ್ಕುಳಿಗೆ ಸರಿಯಾಗಿ ಅಯೋಡಿನ್ ಹಾಕಿದ ಕರುವಿಗೂ ಕೆಲವೊಮ್ಮೆ ಕೀಲು ಬಾವು ಬರುವುದು ಏಕೆಂದು ಇದರಿಂದ ತಿಳಿಯುತ್ತದೆ. ಗಿಣ್ಣು ಸಿಗದ ಕರುವಿನ ರಕ್ತಕ್ಕೆ ಬಾಯಿ ಮತ್ತು ಕರುಳಿನ ಮೂಲಕವೂ ಸೂಕ್ಷ್ಮಜೀವಿಗಳು ಸೇರಬಲ್ಲವು, ಮತ್ತು ಅವನ್ನು ತಡೆಯಲು ಅಲ್ಲಿ ಏನೂ ಇರುವುದಿಲ್ಲ. ನೆಲ, ಬಳ್ಳಿ, ಗಿಣ್ಣು ಇವುಗಳಲ್ಲಿ ಒಂದು ಇನ್ನೊಂದರ ಕೊರತೆಯನ್ನು ತುಂಬಲಾರದು.

ಇಷ್ಟಾದ ಮೇಲೂ ಮೊದಲ ಎರಡು ವಾರ ಪ್ರತಿದಿನ ಹೊಕ್ಕುಳು ಮುಟ್ಟಿ ನೋಡಬೇಕು, ಕಣ್ಣಿನಿಂದ ನೋಡಿದರೆ ಸಾಲದು. ಆರೋಗ್ಯವಂತ ಕರುವಿನ ಹೊಕ್ಕುಳು ಮೂರನೆಯ ದಿನದ ಹೊತ್ತಿಗೆ ಪೆನ್ಸಿಲ್ಲಿನಷ್ಟು ದಪ್ಪ, ಒಣ, ನೋವಿಲ್ಲದ್ದು. ಬೆರಳಿಗೆ ಬಿಸಿ ತಗಲಿದರೆ, ತೇವವಿದ್ದರೆ, ವಾಸನೆ ಬಂದರೆ, ಒತ್ತಿದಾಗ ಕರು ಬೆನ್ನು ಕಮಾನಾಗಿಸಿದರೆ ಸೋಂಕು ಹತ್ತಿದೆ. ಆಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಕರುವನ್ನು ಪಕ್ಕಕ್ಕೆ ಮಲಗಿಸಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಎರಡೂ ಕಡೆಯಿಂದ ಬೆರಳುಗಳನ್ನು ಮೆಲ್ಲಗೆ ಹೊಟ್ಟೆಯೊಳಕ್ಕೆ ಒತ್ತಿದರೆ, ಒಳಗೆ ಹಗ್ಗದಂಥ ಗಟ್ಟಿ ಎಳೆಯೊಂದು ಸಿಗುತ್ತದೆಯೇ ಎಂದು ತಿಳಿಯುತ್ತದೆ. ಅದು ಎದೆಯ ಕಡೆಗೆ ಹೋಗಿದ್ದರೆ ಸೋಂಕು ಪಿತ್ತಜನಕಾಂಗದ ದಾರಿ ಹಿಡಿದಿದೆ. ಹಿಂದಕ್ಕೆ ಹೋಗಿದ್ದರೆ ಮೂತ್ರಕೋಶದ ದಾರಿ. ಹೊಕ್ಕುಳಿನಿಂದ ಮೂತ್ರ ಹನಿಯುತ್ತಿದ್ದರೆ ಅಥವಾ ಕರು ಪದೇಪದೇ ಸ್ವಲ್ಪ ಸ್ವಲ್ಪ ಮೂತ್ರ ಮಾಡುತ್ತಿದ್ದರೆ ಯುರಾಕಸ್ ಮುಚ್ಚಿಕೊಂಡಿಲ್ಲ ಎಂಬ ಅನುಮಾನ ಬರಬೇಕು.

ಹೊಕ್ಕುಳಿನ ಪ್ರತಿಯೊಂದು ಗಂಟೂ ಕೀವಲ್ಲ. ಮೃದುವಾಗಿದ್ದು, ಬಿಸಿಯಿಲ್ಲದೆ, ಕರುವನ್ನು ಅಂಗಾತ ಮಲಗಿಸಿ ಒತ್ತಿದಾಗ ಒಳಗೆ ಜಾರಿ, ಬೆರಳಿಗೆ ಉಂಗುರದಂಥ ರಂಧ್ರ ಸಿಕ್ಕರೆ ಅದು ಹರ್ನಿಯಾ. ಆ ಗಂಟಿನೊಳಗೆ ಕರುಳು ಇರಬಹುದು. ಮನೆಯಲ್ಲಿ ಬ್ಲೇಡಿನಿಂದ ಗಂಟು ಸೀಳಬಾರದೆಂದು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕೆಲವು ಕರುಗಳಲ್ಲಿ ಕೀವೂ ಹರ್ನಿಯಾವೂ ಒಟ್ಟಿಗೇ ಇರುತ್ತವೆ. ಸೂಜಿ ಹಾಕಿ ನೋಡುವುದನ್ನು ಪಶುವೈದ್ಯರಿಗೇ ಬಿಡಬೇಕು.

ಮಳೆಗಾಲದಲ್ಲಿ ನೊಣಗಳು ತೇವದ ಹೊಕ್ಕುಳಿನ ಮೇಲೆ ಮೊಟ್ಟೆಯಿಟ್ಟು ಹುಳ ಬೀಳುವುದುಂಟು. ನೊಣ ಓಡಿಸುವ ಮುಲಾಮನ್ನು ಹೊಕ್ಕುಳಿನ ಸುತ್ತಲಿನ ಚರ್ಮಕ್ಕೆ ಮಾತ್ರ ಹಚ್ಚಬೇಕು. ಜಿಡ್ಡಿನ ಮುಲಾಮನ್ನು ಬಳ್ಳಿಗೇ ಬಳಿದರೆ ಅದೂ ಒಣಗುವುದನ್ನು ತಡೆಯುತ್ತದೆ. ಹಲವು ಕರುಗಳನ್ನು ಒಟ್ಟಿಗೆ ಕಟ್ಟಿದಾಗ ಅವು ಒಂದರ ಹೊಕ್ಕುಳು ಇನ್ನೊಂದು ಚೀಪುವುದನ್ನೂ ಕಂಡಿದ್ದೇನೆ. ಮೊದಲ ಎರಡು ವಾರ ಬೇರೆ ಬೇರೆ ಕಟ್ಟಿದರೆ ಆ ತೊಂದರೆ ಇಲ್ಲ.

ಇನ್ನು ಕೀಲು ಊದಿದ ಮೇಲೆ. ಐದನೆಯ ದಿನದಿಂದ ಮೂರು ನಾಲ್ಕು ವಾರದೊಳಗಿನ ಕರು ಗಾಯವಿಲ್ಲದೆ ಕುಂಟಿದರೆ, ಜ್ವರ 103 ಡಿಗ್ರಿ ದಾಟಿದ್ದರೆ, ಪೆಟ್ಟು ಬಿದ್ದಿದೆ ಎಂದು ನಂಬುವ ಮೊದಲು ಕೀಲು ಬಾವು ಎಂದು ಭಾವಿಸಿ ಅದೇ ದಿನ ವೈದ್ಯರನ್ನು ಕರೆಸುವುದು ಕ್ಷೇಮ. ಕರ್ನಾಟಕದಲ್ಲಿ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಪಡೆಯಬಹುದು. ಎಣ್ಣೆ ಹಚ್ಚಿ ನೀವುವುದು ನೋವನ್ನು ಹೆಚ್ಚಿಸುತ್ತದೆ. ಸೋಂಕಿಲ್ಲದ ಕೀಲಿನ ದ್ರವ ತಿಳಿ ಹಳದಿಯಾಗಿ, ಬೆರಳುಗಳ ನಡುವೆ ಎಳೆದರೆ ನೂಲಿನಂತೆ ಬರುತ್ತದೆ. ಆ ಕರುವಿನ ಮಂಡಿಗೆ ಸೂಜಿ ಹಾಕಿದಾಗ ಬಂದದ್ದು ನೀರಿನಂತೆ ತೆಳು, ಮಬ್ಬು, ಅದರಲ್ಲಿ ಒಡೆದ ಹಾಲಿನಂಥ ಬಿಳಿ ಚೂರುಗಳು. ಆ ಚೂರುಗಳೇ ಚಿಕಿತ್ಸೆಗೆ ದೊಡ್ಡ ಅಡ್ಡಿ, ಏಕೆಂದರೆ ಚುಚ್ಚುಮದ್ದಿನ ಔಷಧ ಕೀಲನ್ನು ತಲುಪಿದರೂ ಅವುಗಳೊಳಗೆ ಅಡಗಿದ ಸೂಕ್ಷ್ಮಜೀವಿಗಳನ್ನು ಮುಟ್ಟುವುದಿಲ್ಲ. ಅದಕ್ಕಾಗಿ ಕೀಲಿನ ಒಂದು ಬದಿಯಲ್ಲಿ ದಪ್ಪ ಸೂಜಿಯಿಂದ ಸಲೈನ್ ಬಿಟ್ಟು, ಇನ್ನೊಂದು ಬದಿಯ ಸೂಜಿಯಿಂದ ಹೊರಗೆ ಹರಿಸಿ ತೊಳೆಯಬೇಕಾಗುತ್ತದೆ. ಒಂದು ದಿನ ಬಿಟ್ಟು ಒಂದು ದಿನದಂತೆ ಮೂರು ಸಲ ತೊಳೆದೆ. ನೋವು ಮತ್ತು ಬಾವಿಗೆ ಔಷಧ, ಜೊತೆಗೆ ಆ್ಯಂಟಿಬಯಾಟಿಕ್ ಚುಚ್ಚುಮದ್ದು ಹದಿನೈದು ದಿನ. ನಾಲ್ಕನೆಯ ದಿನ ಜ್ವರ ಇಳಿದು ಕರು ಚುರುಕಾದಾಗ, ಇನ್ನೂ ಚುಚ್ಚಬೇಕೇ ಎಂದು ಮನೆಯವರು ಕೇಳಿದರು. ಈ ರೋಗದಲ್ಲಿ ಹೆಚ್ಚಿನ ಸೋಲು ಆಗುವುದು ಆ ನಾಲ್ಕನೆಯ ದಿನವೇ. ಔಷಧ ನಿಲ್ಲಿಸಿದರೆ ವಾರದೊಳಗೆ ಅದೇ ಕೀಲು, ಕೆಲವೊಮ್ಮೆ ಇನ್ನೊಂದು ಕೀಲೂ, ಮತ್ತೆ ಊದುತ್ತದೆ. ಮೂರು ವಾರದ ಹೊತ್ತಿಗೆ ಆ ಕರು ನಾಲ್ಕೂ ಕಾಲು ಊರಿತು. ಆದರೆ ಎಡ ಮಂಡಿ ದಪ್ಪವಾಗಿಯೇ ಉಳಿಯಿತು, ಪೂರ್ತಿ ಮಡಿಸಲು ಬರಲಿಲ್ಲ, ಆರು ತಿಂಗಳಾದಾಗಲೂ ಮಲಗಿ ಏಳುವಾಗ ತಡವರಿಸುತ್ತಿತ್ತು. ಎರಡು ಮೂರು ಕೀಲುಗಳು ಒಟ್ಟಿಗೆ ಊದಿದ ಕರುಗಳಲ್ಲಿ ಇಷ್ಟು ಫಲವನ್ನೂ ನಾನು ಭರವಸೆ ಕೊಡಲಾರೆ.

ಕುರಿಮರಿಗಳ ವಿಷಯದಲ್ಲಿ ತತ್ತ್ವ ಒಂದೇ ಆದರೂ ಕಷ್ಟ ಬೇರೆ. ಹಸು ವರ್ಷಕ್ಕೊಂದು ಸಲ ಈಯುತ್ತದೆ. ಹಿಂಡಿನಲ್ಲಿ ಒಂದೇ ವಾರದಲ್ಲಿ ಹತ್ತಿಪ್ಪತ್ತು ಕುರಿಗಳು ಒಂದೇ ರೊಪ್ಪದಲ್ಲಿ ಈಯುತ್ತವೆ. ಮೊದಲು ಹುಟ್ಟಿದ ಮರಿಗಳ ಸಮಯದಲ್ಲಿ ಒಣಗಿದ್ದ ನೆಲ ಕೊನೆಯ ಮರಿಗಳ ಹೊತ್ತಿಗೆ ಮಾಸು, ರಕ್ತ, ಹಿಕ್ಕೆ, ಗಂಜಲಗಳಿಂದ ತುಂಬಿರುತ್ತದೆ. ರೋಗ ಹೆಚ್ಚಾಗಿ ಕಾಣುವುದೂ ಕೊನೆಯ ಮರಿಗಳಲ್ಲೇ. ಆದ್ದರಿಂದ ಈಯುವ ಕಾಲದಲ್ಲಿ ರೊಪ್ಪದ ಜಾಗವನ್ನು ವಾರಕ್ಕೊಮ್ಮೆಯಾದರೂ ಸರಿಸುವುದು, ಬಲೆಯ ರೊಪ್ಪವಾದರೆ ಅದು ಸುಲಭ, ಬೇರೆಲ್ಲ ಉಪಾಯಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಎರಡೂವರೆ ಕಿಲೋ ಮರಿಗೆ ಮೊದಲ ಸಲ ಬೇಕಾದ ಗಿಣ್ಣು 125 ಮಿಲಿಲೀಟರ್, ಒಂದು ಸಣ್ಣ ಟೀ ಲೋಟದಷ್ಟು ಮಾತ್ರ. ಆದರೆ ಅವಳಿ ಮರಿಗಳಲ್ಲಿ ಬಲವಿಲ್ಲದ್ದಕ್ಕೆ ಅದೂ ಸಿಗದೆ ಹೋಗುತ್ತದೆ. ಹೊಟ್ಟೆ ಒಳಕ್ಕೆ ಸೇದಿಕೊಂಡು, ಬಾಯಿ ತಣ್ಣಗಿರುವ ಮರಿಯನ್ನು ಬೇರೆ ಮಾಡಿ ಕೈಯಿಂದ ಕುಡಿಸಬೇಕು.

ಮರಿಗಳಲ್ಲಿ ಕೀಲು ಬಾವು ತರುವ ಸ್ಟ್ರೆಪ್ಟೋಕಾಕಸ್ ಡಿಸ್‌ಗ್ಯಾಲಾಕ್ಟಿಯೇ ಎಂಬ ಜೀವಿ ಹುಲ್ಲಿನ ಹಾಸಿನಲ್ಲಿ ವಾರಗಟ್ಟಲೆ ಬದುಕಬಲ್ಲದು, ಮತ್ತು ಅದು ಹೊಕ್ಕುಳಿನ ದಾರಿಯನ್ನು ಮಾತ್ರ ನೆಚ್ಚಿಕೊಂಡಿಲ್ಲ. ಕಿವಿಗೆ ಬಿಲ್ಲೆ ಹಾಕಿದ ಗಾಯ, ಗಂಡು ಮರಿಯ ಬೀಜ ಒಡೆದ ಗಾಯ, ಬಾಯಿ, ಯಾವುದರಿಂದಲಾದರೂ ಒಳಗೆ ಹೋಗಬಲ್ಲದು. ಹೊಕ್ಕುಳಿಗೆ ತಪ್ಪದೆ ಅಯೋಡಿನ್ ಹಾಕಿದರೂ ಒಂದರ ಹಿಂದೊಂದು ಮರಿಗಳು ಕುಂಟತೊಡಗಿದರೆ, ಬಿಲ್ಲೆ ಹಾಕುವ ಇಕ್ಕುಳವನ್ನು ಮರಿಯಿಂದ ಮರಿಗೆ ಅಯೋಡಿನ್‌ನಲ್ಲಿ ಅದ್ದಿ ಬಳಸಲಾಗುತ್ತಿದೆಯೇ, ಆ ಕೆಲಸವನ್ನು ಇನ್ನೊಂದೆರಡು ವಾರ ಮುಂದೂಡಬಹುದೇ ಎಂದು ನೋಡಬೇಕು. ಸತ್ತ ಮರಿ ಸಿಕ್ಕರೆ ಕೀಲಿನ ದ್ರವವನ್ನು ಪ್ರಯೋಗಾಲಯಕ್ಕೆ ಕಳಿಸಿ ಯಾವ ಜೀವಿ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿದುಕೊಳ್ಳುವುದು ಉಳಿದ ಮರಿಗಳಿಗೆ ನೆರವಾಗುತ್ತದೆ. ಔಷಧ ಈಗಾಗಲೇ ಚುಚ್ಚಿದ ಮರಿಯ ದ್ರವದಲ್ಲಿ ಜೀವಿ ಬೆಳೆಯದೆ ಹೋಗುವ ಸಾಧ್ಯತೆ ಹೆಚ್ಚು. ಹೊಸದಾಗಿ ಕುಂಟಿದ, ಇನ್ನೂ ಮದ್ದು ಕಾಣದ ಮರಿಯಿಂದ ದ್ರವ ತೆಗೆಸುವುದು ಉತ್ತಮ.